ನೋಟರಿ ಮಾಡಿಸಿದ ‘ಪಾಲು ಬೇಡ’ ಪತ್ರಕ್ಕೆ ಬೆಲೆ ಇದೆಯೇ?

‘ಪಾಲು ಬೇಡ ಎಂದು ಬಾಂಡ್ ಪೇಪರ್‌ನಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು’ ಎಂಬ ಮಾತು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಇದು ತಪ್ಪು. ಒಂದು ಉದಾಹರಣೆ ನೋಡೋಣ.

ಹೊನ್ನಾವರದಲ್ಲಿ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ. ಉಯಿಲು ಬರೆಯದೆ ತೀರಿಕೊಂಡರು; ಅಮ್ಮ, ಅಜ್ಜಿ ಮೊದಲೇ ಇಲ್ಲ. ಅಣ್ಣ ಅದೇ ಮನೆಯಲ್ಲಿದ್ದಾನೆ, ತಂಗಿಯನ್ನು ಭಟ್ಕಳಕ್ಕೆ ಕೊಟ್ಟಿದೆ, ತಮ್ಮ ಕುಮಟಾದಲ್ಲಿದ್ದಾನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೂವರಿಗೂ ಸಮಪಾಲು. (ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಲೆಕ್ಕ ಬೇರೆ.) ‘ಮದುವೆಗೆ ಚಿನ್ನ ಹಾಕಿದ್ದೇವಲ್ಲ’ ಎಂದು ಅಣ್ಣ ಎಷ್ಟು ಹೇಳಿದರೂ ತಂಗಿಯ ಪಾಲು ಕರಗುವುದಿಲ್ಲ.

ಅಪ್ಪನ ನಂತರ ತಂಗಿ ನೋಟರಿ ಪತ್ರಕ್ಕೆ ಸಹಿ ಹಾಕಿದ್ದಳು. ನೋಟರಿ ದೃಢೀಕರಿಸುವುದು ಸಹಿಯನ್ನು ಮಾತ್ರ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆಗಿಲ್ಲ, ಹಾಗಾಗಿ ಆಕೆಯ ಪಾಲು ಹಾಗೇ ಇದೆ.

ಸರಿ, ಈಗ ನೋಂದಣಿ ಮಾಡಿಸಿ ಅಣ್ಣನಿಗೇ ಬಿಟ್ಟುಕೊಟ್ಟಳು ಎನ್ನೋಣ. ಮನೆ ಪೂರ್ತಿ ಅಣ್ಣನದಾಯಿತೇ? ಇಲ್ಲ. ಅವನದು ಮೂರರಲ್ಲಿ ಎರಡು ಪಾಲು; ತಮ್ಮನ ಒಂದು ಪಾಲು ಅಲ್ಲೇ ಉಳಿಯಿತು. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ.

ಯಾರೂ ಹಕ್ಕು ಬಿಡುವುದಿಲ್ಲ ಎಂದಾದರೆ ವಿಭಾಗ ಪತ್ರ. ಒಂದೇ ಮನೆಯನ್ನು ಗೋಡೆ ಹಾಕಿ ಮೂರು ಮಾಡುವುದು ಕಷ್ಟ. ಆದ್ದರಿಂದ ಅಣ್ಣ ಮನೆ ಇಟ್ಟುಕೊಂಡು, ಉಳಿದಿಬ್ಬರಿಗೆ ಅವರವರ ಪಾಲಿನ ಹಣ ಕೊಡಬಹುದು. ಮೊತ್ತ ಪತ್ರದಲ್ಲೇ ಇರಲಿ, ಮೂವರೂ ಸಹಿ ಮಾಡಿ ನೋಂದಣಿ ಮಾಡಿಸಲಿ. ಒಬ್ಬರು ಒಪ್ಪದಿದ್ದರೂ ಪತ್ರವಾಗದು. ಆಗ ಸಿವಿಲ್ ನ್ಯಾಯಾಲಯದಲ್ಲಿ ಪಾಲಿನ ದಾವೆಯೇ ದಾರಿ.

ಖಾತೆ ಬದಲಾವಣೆ ಆಮೇಲಿನದು. ಅಣ್ಣನೊಬ್ಬನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ.