ಲೋಟದ ಹೊರಮೈ ಬೆವರುವ ಹೊತ್ತು

ಅಹಮದಾಬಾದಿನ ಉತ್ತರ ಅಂಚಿನ ಚಾಂದ್‌ಖೇಡಾದಲ್ಲಿ ಮೇ ತಿಂಗಳ ಮಧ್ಯಾಹ್ನ ಒಣಹಾಕಿದ ಪಂಚೆ ನೋಡನೋಡುತ್ತಿದ್ದಂತೆ ಹಪ್ಪಳದ ಹಾಗೆ ಗರಿಗರಿಯಾಗುತ್ತದೆ. ಅದೇ ಪಂಚೆ ಜುಲೈಯಲ್ಲಿ ಎರಡು ದಿನ ಹಗ್ಗದ ಮೇಲಿದ್ದರೂ ಮುಗ್ಗಲು ವಾಸನೆ ಬಿಡುವುದಿಲ್ಲ. ಮೇ ತಿಂಗಳಲ್ಲಿ ಗಾಳಿಯ ತಾಪಮಾನ 43 ಡಿಗ್ರಿ, ಜುಲೈಯ ಸಂಜೆ 31 ಡಿಗ್ರಿ. ಹನ್ನೆರಡು ಡಿಗ್ರಿ ಇಳಿದಿದೆ. ಆದರೂ ಮೈಗೆ ಅಂಗಿ ಅಂಟುವುದು, ರಾತ್ರಿ ದಿಂಬು ಒದ್ದೆಯಾಗುವುದು, ಫ್ಯಾನಿನ ಕೆಳಗೂ ಚಡಪಡಿಸುವುದು ಎಲ್ಲವೂ ಜುಲೈಯಲ್ಲೇ.

ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಕನ್ನಡದಲ್ಲಿ ಧಗೆಯೇ ಬೇರೆ, ಸೆಕೆಯೇ ಬೇರೆ. ಇಲ್ಲಿನವರಿಗೂ ಮೇ ತಿಂಗಳ ಬಿಸಿಗಾಳಿ 'ಲೂ', ಮಳೆಗಾಲದ ಸೆಕೆ 'ಬಫಾರೋ'. ಎರಡು ಭಾಷೆಗಳೂ ಬೇರೆ ಮಾಡಿ ಇಟ್ಟಿದ್ದನ್ನು ಟೀವಿಯ ಹವಾಮಾನ ವರದಿ 'ಗರಿಷ್ಠ ತಾಪಮಾನ' ಎಂಬ ಒಂದೇ ಅಂಕಿಯಲ್ಲಿ ಕಲಸಿಬಿಡುತ್ತದೆ. ಸೆಕೆಗೆ ತನ್ನದೇ ಆದ ಅಂಕಿಯೊಂದಿದೆ. ಅದೇ ಇಬ್ಬನಿ ಬಿಂದು. ಅದನ್ನು ಅಳೆಯುವ ಉಪಾಯ ಸಿಕ್ಕಿದ್ದು ಬಹಳ ಹಿಂದೆ. ಅದು ಮನುಷ್ಯನ ಮೈಗೆ ಹೇಗೆ ತಾಗುತ್ತದೆ ಎಂದು ಅರ್ಥವಾಗಲು ಮಾತ್ರ ಇನ್ನೂರು ವರ್ಷ ಹಿಡಿಯಿತು.

ಮೊದಲು ಅಳತೆಯ ವಿಚಾರ. 1751ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯ ವೈದ್ಯ ಶಾರ್ಲ್ ಲರುವಾ, ಗಾಳಿಯನ್ನು ತಣಿಸುತ್ತ ಹೋದರೆ ಒಂದು ಹಂತದಲ್ಲಿ ಅದು ತನ್ನಲ್ಲಿರುವ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಹನಿಯಾಗಿ ಬಿಡುತ್ತದೆ ಎಂದು ತೋರಿಸಿದ. ಇದನ್ನು ಯಾರ ಮನೆಯಲ್ಲಾದರೂ ಮಾಡಿ ನೋಡಬಹುದು. ಹೊರಮೈ ಒರೆಸಿದ ತೆಳು ಸ್ಟೀಲ್ ಲೋಟದಲ್ಲಿ ಕೋಣೆಯ ಬಿಸಿಯಷ್ಟೇ ಇರುವ ನೀರು ಹಾಕಿ, ಥರ್ಮಾಮೀಟರ್ ಇಳಿಬಿಟ್ಟು, ಐಸಿನ ಚೂರುಗಳನ್ನು ಒಂದೊಂದಾಗಿ ಹಾಕುತ್ತ ಕಲಕಬೇಕು. ಹೊಳೆಯುವ ಹೊರಮೈ ಮೊದಲ ಬಾರಿ ಮಂಕಾದಾಗ ಥರ್ಮಾಮೀಟರ್ ತೋರಿಸುವುದೇ ಆ ಗಾಳಿಯ ಇಬ್ಬನಿ ಬಿಂದು. ಲೋಟದ ಹತ್ತಿರ ಉಸಿರು ಬಿಡಬಾರದು, ಬಿಟ್ಟರೆ ಅಳೆದದ್ದು ನಮ್ಮ ಉಸಿರಿನ ಇಬ್ಬನಿ ಬಿಂದುವಾಗುತ್ತದೆ. ಮಳೆಗಾಲದಲ್ಲಿ ನಾಲ್ಕಾರು ಚೂರು ಐಸಿಗೇ, ಸುಮಾರು 26 ಡಿಗ್ರಿಯಲ್ಲೇ, ಲೋಟ ಬೆವರುತ್ತದೆ. ಮೇ ಮಧ್ಯಾಹ್ನ ನೀರು 11 ಡಿಗ್ರಿಯ ಆಸುಪಾಸಿಗೆ ಇಳಿಯುವ ತನಕ ಹೊರಮೈ ಒಣಗಿಯೇ ಇರುತ್ತದೆ. 1820ರಲ್ಲಿ ಇಂಗ್ಲೆಂಡಿನ ಜಾನ್ ಫ್ರೆಡರಿಕ್ ಡ್ಯಾನಿಯಲ್ ಐಸಿನ ಬದಲು ಈಥರ್ ಆವಿಯಾಗುವಾಗಿನ ತಂಪನ್ನು ಬಳಸಿ ಇದನ್ನೇ ಒಂದು ಉಪಕರಣವನ್ನಾಗಿ ಮಾಡಿದ.

ಆದರೆ ಜನಬಳಕೆಗೆ ಬಂದದ್ದು ಬೇರೆ ಅಂಕಿ. ಅದು ಸಾಪೇಕ್ಷ ಆರ್ದ್ರತೆ, ಅಂದರೆ ಈ ತಾಪಮಾನದಲ್ಲಿ ಗಾಳಿಯಲ್ಲಿ ಇರಬಹುದಾದ ಆವಿಯಲ್ಲಿ ಶೇಕಡಾ ಎಷ್ಟು ಈಗ ಇದೆ ಎಂಬ ಲೆಕ್ಕ. ಸೆಕೆಯ ವಿಷಯದಲ್ಲಿ ಇದು ದಾರಿ ತಪ್ಪಿಸುತ್ತದೆ. ಇಬ್ಬನಿ ಬಿಂದು 26 ಇರುವ ಮಳೆಗಾಲದ ದಿನವನ್ನೇ ತೆಗೆದುಕೊಳ್ಳಿ. ನಸುಕಿನಲ್ಲಿ 27 ಡಿಗ್ರಿ ಇದ್ದಾಗ ಆರ್ದ್ರತೆ ಶೇ. 94, ಮಧ್ಯಾಹ್ನ 33 ಡಿಗ್ರಿಗೆ ಏರಿದಾಗ ಶೇ. 67. ಗಾಳಿ ಒಣಗಿತೆಂದು ಅಂಕಿ ಹೇಳುತ್ತದೆ, ಆದರೆ ಆವಿ ಇದ್ದಷ್ಟೇ ಇದೆ. ಇನ್ನು ಜನವರಿಯ ಬೆಳಿಗ್ಗೆ 12 ಡಿಗ್ರಿ ಚಳಿಯಲ್ಲಿ ಆರ್ದ್ರತೆ ಶೇ. 80 ಇರಬಹುದು. ಅಂದು ಇಬ್ಬನಿ ಬಿಂದು 9 ಡಿಗ್ರಿಯನ್ನೂ ಮುಟ್ಟಿರುವುದಿಲ್ಲ, ಸೆಕೆಯ ಸುಳಿವೂ ಇರುವುದಿಲ್ಲ. ಶೇಕಡಾವಾರು ಅಂಕಿ ತಾಪಮಾನದ ಜೊತೆ ಕುಣಿಯುತ್ತದೆ, ಇಬ್ಬನಿ ಬಿಂದು ಕುಣಿಯುವುದಿಲ್ಲ.

ಆವಿ ಮೈಗೆ ಹೇಗೆ ತಾಗುತ್ತದೆ ಎಂಬ ಪ್ರಶ್ನೆ ಬಿಸಿಯಾಗಿ ಕೇಳಿಬಂದದ್ದು ಪ್ರಯೋಗಶಾಲೆಯಲ್ಲಿ ಅಲ್ಲ, ಗಿರಣಿ ಮತ್ತು ಗಣಿಗಳಲ್ಲಿ. ಹತ್ತಿಯ ಎಳೆ ಒಣ ಗಾಳಿಯಲ್ಲಿ ಪಟಪಟ ಹರಿಯುತ್ತದೆ. ಅದಕ್ಕೆಂದೇ ನೇಯ್ಗೆಯ ಶೆಡ್ಡಿಗೆ ಮಾಲೀಕರು ಹಬೆ ಬಿಡುತ್ತಿದ್ದರು. ಎಳೆಗೆ ಹಿತವಾದದ್ದು ಕೂಲಿಯ ಮೈಗೆ ಹಿತವಲ್ಲ. ಲ್ಯಾಂಕಷೈರಿನ ನೇಕಾರರ ದೂರುಗಳಿಂದ ಬ್ರಿಟನ್ನಿನಲ್ಲಿ 1889ರಲ್ಲೇ ಶೆಡ್ಡಿನ ಆವಿಗೆ ಮಿತಿ ಹಾಕುವ ಕಾಯ್ದೆ ಬಂತು. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಮೊದಲ ಗಿರಣಿ ತೆರೆದ ಅಹಮದಾಬಾದಿನಲ್ಲೂ ಇದೇ ತಿಕ್ಕಾಟ. ಹೊರಗಿನ ಮೇ ತಿಂಗಳ ಗಾಳಿ ನೂಲಿಗೆ ತೀರಾ ಒಣ, ಒಳಗೆ ತುಂಬಿದ ಹಬೆ ಆಳುಗಳಿಗೆ ಅಸಹನೀಯ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 15ನೇ ಕಲಂ ಕೃತಕವಾಗಿ ಆರ್ದ್ರತೆ ಹೆಚ್ಚಿಸುವುದರ ಬಗೆಗೇ ಇತ್ತು.

1905ರಲ್ಲಿ ಜೆ. ಎಸ್. ಹಾಲ್ಡೇನ್ ಎಂಬ ಬ್ರಿಟಿಷ್ ಶರೀರವಿಜ್ಞಾನಿ, ಬಿಸಿ ಗಣಿಗಳಲ್ಲಿ ಮತ್ತು ಕೋಣೆಗಳಲ್ಲಿ ತಾನೇ ಕೂತು ಅಳೆದು, ಮೈಬಿಸಿ ಏರುವುದನ್ನು ನಿರ್ಧರಿಸುವುದು ಸಾಮಾನ್ಯ ಥರ್ಮಾಮೀಟರ್ ಅಲ್ಲ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಂದು ತೋರಿಸಿದ. ನಿಂತ ಗಾಳಿಯಲ್ಲಿ ಒದ್ದೆ ಬಲ್ಬು ಸುಮಾರು 31 ಡಿಗ್ರಿ ದಾಟಿದರೆ ಸುಮ್ಮನೆ ಕೂತವನ ಮೈಬಿಸಿಯೂ ಏರತೊಡಗಿತ್ತು.

ಕಾರಣವನ್ನು ನಮ್ಮ ಎರಡು ದಿನಗಳ ಲೆಕ್ಕದಲ್ಲೇ ನೋಡಬಹುದು. ಬೆವರಿದ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ ಚರ್ಮದ ಮೇಲಿನ ನೀರಿನ ಆವಿ ಒತ್ತಡ 56 ಹೆಕ್ಟೊಪಾಸ್ಕಲ್. ಮೇ ಮಧ್ಯಾಹ್ನ ತಾಪಮಾನ 43, ಆರ್ದ್ರತೆ ಶೇ. 15, ಇಬ್ಬನಿ ಬಿಂದು 11. ಗಾಳಿಯ ಆವಿ ಒತ್ತಡ ಬರೇ 13. ಬೆವರನ್ನು ಹೊರಕ್ಕೆ ಎಳೆಯುವ ಅಂತರ 43. ಜುಲೈಯ ಸಂಜೆ ತಾಪಮಾನ 31, ಆರ್ದ್ರತೆ ಶೇ. 75, ಇಬ್ಬನಿ ಬಿಂದು 26. ಗಾಳಿಯ ಆವಿ ಒತ್ತಡ 34, ಅಂತರ 22. ಎಳೆತ ಅರ್ಧಕ್ಕೆ ಇಳಿಯಿತು. ಅಷ್ಟೇ ಬೆವರು ಆರಬೇಕಾದರೆ ಈಗ ಚರ್ಮದ ಎರಡು ಪಟ್ಟು ಭಾಗ ಒದ್ದೆಯಾಗಿರಬೇಕು. 1937ರಲ್ಲಿ ಅಮೆರಿಕದ ಎ. ಪಿ. ಗ್ಯಾಗಿ ಚರ್ಮ ಎಷ್ಟು ಪಾಲು ಒದ್ದೆಯಾಗಿದೆ ಎಂಬುದನ್ನೇ ಒಂದು ಅಳತೆಯಾಗಿ ರೂಪಿಸಿದರು. ನಾವು ಸೆಕೆ ಎಂದು ಕರೆಯುವ ಸಂಕಟ ಹೆಚ್ಚಾಗಿ ಈ ಒದ್ದೆತನದ ಜೊತೆಗೇ ಏರಿಳಿಯುತ್ತದೆ. ಇಬ್ಬನಿ ಬಿಂದು ಸೆಕೆಗೆ ಇಷ್ಟು ಹತ್ತಿರವಾಗುವುದು ಹೀಗೆ.

ಹಾಲ್ಡೇನ್ ನಂತರದ ಇತರ ಯತ್ನಗಳು ಬಿಸಿಯನ್ನೂ ಆವಿಯನ್ನೂ ಒಂದೇ ಅಂಕಿಗೆ ಇಳಿಸುವ ಆಸೆಯಿಂದ ಹುಟ್ಟಿದವು. 1923ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹಾಟನ್ ಮತ್ತು ಯಾಗ್ಲೂ ಎರಡು ಕೋಣೆಗಳನ್ನು ಬೇರೆ ಬೇರೆ ಬಿಸಿ, ಬೇರೆ ಬೇರೆ ಆವಿಯಲ್ಲಿಟ್ಟು, ಜನರನ್ನು ಒಂದರಿಂದ ಇನ್ನೊಂದಕ್ಕೆ ನಡೆಸಿ, ಯಾವುದು ಹೆಚ್ಚು ಬೆಚ್ಚಗೆ ಎಂದು ಕೇಳಿ, ಆ ಉತ್ತರಗಳಿಂದ ಒಂದು ಸೂಚ್ಯಂಕ ಕಟ್ಟಿದರು. ಒಂದು ಎಡವಟ್ಟು ಆಮೇಲೆ ಗೊತ್ತಾಯಿತು. ಒಣ ಕೋಣೆಯಿಂದ ಆವಿಯ ಕೋಣೆಗೆ ಕಾಲಿಟ್ಟೊಡನೆ ಬಟ್ಟೆ ಆವಿ ಹೀರಿ ತುಸು ಬಿಸಿಯಾಗುತ್ತದೆ. ಜನ ಆ ಮೊದಲ ಕ್ಷಣದ ಅನುಭವ ಹೇಳಿದ್ದರು, ತಾಸೊತ್ತು ಕೂತ ಅನುಭವವನ್ನಲ್ಲ. ಹಾಗಾಗಿ ತಂಪು ಹವೆಯಲ್ಲಿ ಆ ಸೂಚ್ಯಂಕ ಆವಿಗೆ ಅತಿ ತೂಕ ಕೊಟ್ಟಿತ್ತು. 1959ರಲ್ಲಿ ಅರ್ಲ್ ಥಾಮ್ ಒಣ ಬಲ್ಬು, ಒದ್ದೆ ಬಲ್ಬುಗಳ ಅಂಕಿ ಕೂಡಿಸಿ 'ಅಸೌಖ್ಯ ಸೂಚ್ಯಂಕ' ಮಾಡಿದಾಗ ಅಮೆರಿಕದ ಪ್ರವಾಸಿ ಊರುಗಳು ಆ ಹೆಸರಿಗೆ ಸಿಡಿದೆದ್ದವು, ಹೆಸರು ಬದಲಾಯಿತು. 1979ರಲ್ಲಿ ಎರಡು ಮುಖ್ಯ ಕೆಲಸಗಳು ಬಂದವು. ಕೆನಡಾದ 'ಹ್ಯೂಮಿಡೆಕ್ಸ್' ನೇರವಾಗಿ ಇಬ್ಬನಿ ಬಿಂದುವನ್ನೇ ಬಳಸಿತು. ಬಟ್ಟೆ, ಚರ್ಮ, ಬೆವರುಗಳ ಲೆಕ್ಕ ಹಾಕಿ ಆರ್. ಜಿ. ಸ್ಟೆಡ್‌ಮನ್ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಸೆಕೆಯ ಹೆಸರಿತ್ತು. ಇಂದಿನ 'ಹೀಟ್ ಇಂಡೆಕ್ಸ್' ಅದರ ಮಗು. ಆತ ಹಿತವಾದ ಗಾಳಿಗೆ ಆಧಾರವಾಗಿ ಇಟ್ಟುಕೊಂಡ ಇಬ್ಬನಿ ಬಿಂದು 14 ಡಿಗ್ರಿ. ಜರ್ಮನಿಯಲ್ಲಿ ಶಾರ್ಲೌ ಎಂಬವರ ಲೆಕ್ಕದಂತೆ ಸೆಕೆ ಶುರುವಾಗುವುದು ಸುಮಾರು 16.5ಕ್ಕೆ.

ಈ ಗೆರೆಗಳನ್ನು ಚಾಂದ್‌ಖೇಡಾಕ್ಕೆ ತಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಒಂದು ದಿನವೂ ಹಿತವಲ್ಲ ಎಂದಾದೀತು. ಇಲ್ಲಿನ ಮೈಗಳು ಒಗ್ಗಿಕೊಂಡಿವೆ, ಬಟ್ಟೆ ತೆಳು, ತಲೆಯ ಮೇಲೆ ಫ್ಯಾನ್ ಇದೆ. ನನ್ನ ಮಟ್ಟಿಗೆ 20ರ ಕೆಳಗೆ ಸೆಕೆಯ ದೂರಿಲ್ಲ, 24 ದಾಟಿದರೆ ನಿದ್ದೆ ಕೆಡುತ್ತದೆ. ಗೆರೆ ಎಲ್ಲಿ ಎಂಬುದು ಊರಿಂದ ಊರಿಗೆ ಸರಿಯುತ್ತದೆ, ಏರಿಕೆ ಇಳಿಕೆಯ ಅರ್ಥ ಸರಿಯುವುದಿಲ್ಲ. ಬೇಸಿಗೆಯಲ್ಲಿ ವಡೋದರಾ ದಾಟಿ ಸೂರತ್ತಿಗೆ ರೈಲಿನಲ್ಲಿ ಇಳಿದವರಿಗೆ ಇದು ಗೊತ್ತಿರುತ್ತದೆ. ತಾಪಮಾನ ಇಳಿದಿರುತ್ತದೆ, ಖಂಭಾತ್ ಕೊಲ್ಲಿಯ ಗಾಳಿಯಿಂದ ಇಬ್ಬನಿ ಬಿಂದು ಏರಿರುತ್ತದೆ, ಪ್ಲಾಟ್‌ಫಾರ್ಮಿನಲ್ಲೇ ಅಂಗಿ ಬೆನ್ನಿಗೆ ಅಂಟುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಇಬ್ಬನಿ ಬಿಂದು ಸೆಕೆಯನ್ನು ಹೇಳುತ್ತದೆ, ಅಪಾಯವನ್ನೆಲ್ಲ ಹೇಳುವುದಿಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪಮಾನ 46.8 ಡಿಗ್ರಿ ಮುಟ್ಟಿತು. ಆ ತಿಂಗಳು ನಗರದಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ನಂತರದ ಅಧ್ಯಯನ ಲೆಕ್ಕ ಹಾಕಿತು. ಅಂಥ ಒಣ ಧಗೆಯಲ್ಲಿ ಗಾಳಿಯೇ ಚರ್ಮಕ್ಕಿಂತ ಬಿಸಿ, ಅದು ಮೈಯನ್ನು ಕಾಯಿಸುತ್ತದೆ. ಬೆವರು ಹುಟ್ಟಿದ ಕ್ಷಣವೇ ಆರುವುದರಿಂದ ಎಷ್ಟು ನೀರು ಹೋಯಿತೆಂದೂ ತಿಳಿಯುವುದಿಲ್ಲ. ಆ ದುರಂತದ ನಂತರ 2013ರಲ್ಲಿ ರೂಪುಗೊಂಡ ನಗರದ ಶಾಖ ಕ್ರಿಯಾ ಯೋಜನೆ ತಾಪಮಾನವನ್ನೇ ನೆಚ್ಚಿತು. 41.1ರಿಂದ ಹಳದಿ, 43.1ರಿಂದ ಕಿತ್ತಳೆ, 45ರಿಂದ ಕೆಂಪು. ಮೇ ತಿಂಗಳಿಗೆ ಅದು ಸರಿಯಾದ ಆಯ್ಕೆಯೇ. ಆದರೆ 33 ಡಿಗ್ರಿಯ ಜುಲೈಯಲ್ಲಿ ಗಾಳಿಯಾಡದ ಶೆಡ್ಡಿನಲ್ಲಿ ದುಡಿಯುವವನಿಗೆ ಆ ಬಣ್ಣಗಳಲ್ಲಿ ಒಂದೂ ಹತ್ತುವುದಿಲ್ಲ. ಭಾರತೀಯ ಹವಾಮಾನ ಇಲಾಖೆ 2023ರಿಂದ ಪ್ರಾಯೋಗಿಕವಾಗಿ ಹೀಟ್ ಇಂಡೆಕ್ಸ್ ಮುನ್ಸೂಚನೆ ಕೊಡತೊಡಗಿದ್ದು ಇಂಥ ಕೊರತೆಯನ್ನು ತುಂಬುವ ದಾರಿ.

ಮನೆಯ ಅಗ್ಗದ ಆರ್ದ್ರತಾ ಮಾಪಕದಿಂದ ಲೆಕ್ಕ ಹಾಕುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಅದು ಶೇ. 5 ಹೆಚ್ಚು ತೋರಿಸಿದರೆ ಜುಲೈಯಲ್ಲಿ ಇಬ್ಬನಿ ಬಿಂದು ಒಂದು ಡಿಗ್ರಿ ತಪ್ಪುತ್ತದೆ, ಮೇ ತಿಂಗಳ 43 ಡಿಗ್ರಿಯಲ್ಲಿ 11 ಇರಬೇಕಾದದ್ದು 15 ಆಗುತ್ತದೆ. ಅನುಮಾನ ಬಂದರೆ ಸ್ಟೀಲ್ ಲೋಟವೇ ನ್ಯಾಯಾಧೀಶ.

ನಾನು ನೆಚ್ಚುವುದು ಸಾಬರಮತಿಯ ಆಚೆ ದಡದ ವಿಮಾನ ನಿಲ್ದಾಣದ ಹವಾ ವರದಿಯನ್ನು. `VAAH` ಎಂಬ ಗುರುತಿನ ಸಾಲಿನಲ್ಲಿ `31/26` ಎಂಬಂಥ ಜೋಡಿ ಅಂಕಿ ಇರುತ್ತದೆ. ಮೊದಲನೆಯದು ತಾಪಮಾನ, ಎರಡನೆಯದು ಇಬ್ಬನಿ ಬಿಂದು. `43/11` ಇದ್ದಾಗ ಒದ್ದೆ ಬಲ್ಬು 22 ಡಿಗ್ರಿ. ಕೂಲರ್ ಕೋಣೆಗೆ 26-27ರ ಗಾಳಿ ಬಿಡುತ್ತದೆ, ಮಣ್ಣಿನ ಮಡಕೆಯ ನೀರೂ ತಣ್ಣಗಿರುತ್ತದೆ. `31/26` ಆದಾಗ ಒದ್ದೆ ಬಲ್ಬು 27 ದಾಟಿರುತ್ತದೆ. ಕೂಲರ್ ಇಳಿಸುವುದು ಎರಡು ಮೂರು ಡಿಗ್ರಿ, ಅದಕ್ಕೆ ಬದಲಾಗಿ ಕೋಣೆಗೆ ಸುರಿಯುವುದು ಇನ್ನಷ್ಟು ಆವಿ. ಮಡಕೆಯ ನೀರು ಉಗುರುಬೆಚ್ಚಗೆ. ಎರಡನೆಯ ಅಂಕಿ 24ರ ಹತ್ತಿರ ಬಂದ ವಾರ ನಮ್ಮ ಮನೆಯಲ್ಲಿ ಕೂಲರಿನ ಪಂಪು ನಿಲ್ಲಿಸಿ, ತೊಟ್ಟಿ ಬರಿದು ಮಾಡಿ, ಎದುರುಬದುರು ಕಿಟಕಿ ತೆರೆದು ಬರೇ ಫ್ಯಾನ್ ಹಾಕುತ್ತೇವೆ.