ನಿರೂಪಕನ ಮಾತು, ಓದುಗನ ಅನುಮಾನ

ಕತೆ ಹೇಳುವವನ ಮಾತನ್ನೆಲ್ಲ ಓದುಗ ನಂಬಬೇಕಾಗಿಲ್ಲ. ಇಂಥವನಿಗೆ ‘ನಂಬಲರ್ಹನಲ್ಲದ ನಿರೂಪಕ’ ಎಂಬ ಹೆಸರನ್ನು 1961ರಲ್ಲಿ ಕೊಟ್ಟವರು ಅಮೆರಿಕದ ವಿಮರ್ಶಕ ವೇಯ್ನ್ ಬೂತ್. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕೃತಿಯ ನಿರೂಪಕ ಈ ಬಗೆಯವನು. ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯವರು ಬೈದಟ್ಟುವಾಗ ಆತ ತಡೆಯುವುದಿಲ್ಲ. ಪ್ರಬಂಧ ಬರೆಯುವವರು ಅವನ ಸಮರ್ಥನೆಯನ್ನೂ ಮೌನವನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕು. ಹೆಂಡತಿ ಅನಿತಾಗೆ ಏನಾಯಿತೆಂದು ಕೃತಿ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿ ತೀರ್ಪು ಕೊಡುವುದಕ್ಕಿಂತ, ಅನುಮಾನ ಯಾವ ಸಾಲಿನಲ್ಲಿ ಹುಟ್ಟಿತೆಂದು ಗುರುತಿಸುವುದೇ ಸರಿ.

ಪ್ರಜ್ಞಾಪ್ರವಾಹದ ಮಾತು ಬೇರೆ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ಮುಂಬಯಿಯ ನಾಗಪ್ಪನ ಭಯ ಮತ್ತು ಬಾಲ್ಯದ ನೆನಪುಗಳು ಒಂದರೊಳಗೊಂದು ಹರಿಯುತ್ತವೆ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ಇವನು ಏನು ಮುಚ್ಚಿಟ್ಟ?’ ಎಂಬುದಲ್ಲ, ‘ಯಾವ ನೆನಪು ಯಾವುದನ್ನು ಎಳೆದು ತಂದಿತು?’ ಎಂಬುದು.