ಹನ್ನೆರಡು ಅಂಗುಲದ ಶಂಕು ಮತ್ತು ಭೂಮಿಯ ಸುತ್ತಳತೆ

ಮಾರ್ಚ್ 21ರ ನಡುಹಗಲು ನವಿ ಮುಂಬಯಿಯ ಸೀವುಡ್ಸ್‌ನ ನಮ್ಮ ಕಟ್ಟಡದ ತಾರಸಿಯಲ್ಲಿ 24 ಸೆಂಟಿಮೀಟರಿನ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿದರೆ, ಅದರ ನೆರಳು ಎಂಟೂಕಾಲು ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಗಡಿಯಾರ ಆಗ ತೋರಿಸುವುದು ಹನ್ನೆರಡನ್ನಲ್ಲ, ಸುಮಾರು 12.45ನ್ನು. ಭಾರತದ ಗಡಿಯಾರ ನಡೆಯುವುದು ನಮಗಿಂತ ಬಹಳ ಪೂರ್ವದಲ್ಲಿರುವ ರೇಖಾಂಶದ ಲೆಕ್ಕದಲ್ಲಿ, ಹಾಗಾಗಿ ಸೂರ್ಯ ನಮ್ಮ ನೆತ್ತಿಯ ಸಾಲಿಗೆ ತಡವಾಗಿ ಬರುತ್ತಾನೆ. ಕೋಲನ್ನು ಹನ್ನೆರಡು ಪಾಲು ಮಾಡಿ ಒಂದೊಂದನ್ನು ಅಂಗುಲ ಎಂದು ಕರೆದರೆ, ನೆರಳು 4.14 ಅಂಗುಲ. ನಮ್ಮ ಸಿದ್ಧಾಂತ ಗ್ರಂಥಗಳು ಇದನ್ನು ಪಲಭಾ ಎನ್ನುತ್ತವೆ. ಹಗಲು ರಾತ್ರಿ ಸಮನಾಗುವ ವಿಷುವ ದಿನದಂದು ಹನ್ನೆರಡು ಅಂಗುಲದ ಶಂಕು ಬೀರುವ ನಡುಹಗಲಿನ ನೆರಳು ಅದು. ಈ ಒಂದು ಅಳತೆಯಿಂದ ಊರಿನ ಅಕ್ಷಾಂಶ ಸಿಗುತ್ತದೆ, ಎರಡು ಊರುಗಳ ಅಕ್ಷಾಂಶದಿಂದ ಭೂಮಿಯ ಸುತ್ತಳತೆ ಸಿಗುತ್ತದೆ.

ಈ ದಾರಿಯಲ್ಲಿ ಹೆಚ್ಚು ಹೆಸರಾದವನು ಎರಟೋಸ್ತನೀಸ್. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಅವನಿಗೆ, ತೆಂಕಣ ಸಯೀನ್ ಊರಿನಲ್ಲಿ, ಅಂದರೆ ಇಂದಿನ ಆಸ್ವಾನಿನಲ್ಲಿ, ವರ್ಷದ ಅತಿ ಉದ್ದದ ಹಗಲಿನ ಮಧ್ಯಾಹ್ನ ನೆರಳೇ ಬೀಳುವುದಿಲ್ಲ ಎಂಬುದು ಗೊತ್ತಿತ್ತು. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಸೂರ್ಯ ನೆತ್ತಿಯಿಂದ ವೃತ್ತದ ಐವತ್ತನೆಯ ಒಂದು ಪಾಲಿನಷ್ಟು ಬಾಗಿದ್ದ. ಎರಡೂ ಊರುಗಳ ನಡುವಿನ ದೂರ 5000 ಸ್ಟೇಡಿಯಾ ಎಂದು ಹಿಡಿದು, ಅದರ ಐವತ್ತು ಪಟ್ಟು 2,50,000 ಸ್ಟೇಡಿಯಾ ಭೂಮಿಯ ಸುತ್ತಳತೆ ಎಂದ.

ಈ ಲೆಕ್ಕದಲ್ಲಿ ಒಂದು ನಂಬಿಕೆ ಅಡಗಿದೆ. ಸೂರ್ಯ ಬಹಳ ದೂರದಲ್ಲಿದ್ದಾನೆ, ಅವನ ಕಿರಣಗಳು ಎರಡೂ ಊರಿಗೆ ಸಮಾನಾಂತರವಾಗಿ ಬೀಳುತ್ತವೆ ಎಂಬುದು. ಅದನ್ನು ಬಿಟ್ಟುಕೊಟ್ಟರೆ, ನೆಲ ಚಪ್ಪಟೆಯಾಗಿದ್ದು ಸೂರ್ಯ ಹತ್ತಿರದಲ್ಲಿದ್ದರೂ ಎರಡು ಊರುಗಳಲ್ಲಿ ಇವೇ ನೆರಳುಗಳು ಬೀಳಬಲ್ಲವು. ಹಳೆಯ ಚೀನೀ ಗ್ರಂಥಗಳು ಹೀಗೆಯೇ ಎಣಿಸಿ, ಇಂತಿಷ್ಟು ದೂರಕ್ಕೆ ನೆರಳು ಇಂತಿಷ್ಟೇ ಬೆಳೆಯುತ್ತದೆ ಎಂಬ ನಿಯಮ ಮಾಡಿದ್ದವು. ಅದು ತಪ್ಪೆಂದು ತೋರಿಸಿದ್ದು 724ರಲ್ಲಿ ಬೌದ್ಧ ಭಿಕ್ಷು ಯಿ ಶಿಂಗ್ ನಡೆಸಿದ ಸಮೀಕ್ಷೆ. ಹಲವು ಊರುಗಳಲ್ಲಿ ಒಂದೇ ಎತ್ತರದ ಶಂಕು ನಿಲ್ಲಿಸಿ ಅಳೆದಾಗ ನೆರಳಿನ ಬೆಳವಣಿಗೆ ಎಲ್ಲೆಡೆ ಒಂದೇ ಆಗಿರಲಿಲ್ಲ. ನಮ್ಮ ಊರುಗಳಲ್ಲೂ ಇದನ್ನು ಕಾಣಬಹುದು. ಮೈಸೂರಿನಿಂದ ವಿಜಯಪುರದ ತನಕ ಅಕ್ಷಾಂಶದ ಒಂದೊಂದು ಡಿಗ್ರಿಗೆ ಪಲಭಾ ಸುಮಾರು 0.22 ಅಂಗುಲ ಬೆಳೆದರೆ, ಉಜ್ಜಯಿನಿಯಿಂದ ಕುರುಕ್ಷೇತ್ರದ ತನಕ 0.26 ಅಂಗುಲ ಬೆಳೆಯುತ್ತದೆ. ಚಪ್ಪಟೆ ನೆಲದ ಮೇಲೆ ಸಮ ದೂರಕ್ಕೆ ಸಮ ಬೆಳವಣಿಗೆಯೇ ಇರಬೇಕಿತ್ತು. ಎರಡು ಊರಿನ ನೆರಳು ಹೇಳಲಾರದ್ದನ್ನು ಮೂರನೆಯ, ನಾಲ್ಕನೆಯ ಊರು ಹೇಳುತ್ತದೆ.

ಭಾರತದಲ್ಲಿ ಆರ್ಯಭಟ 499ರಲ್ಲಿ ಭೂಮಿಯ ವ್ಯಾಸ 1050 ಯೋಜನ ಎಂದ. 628ರಲ್ಲಿ ಬ್ರಹ್ಮಗುಪ್ತ 1581 ಎಂದ. ಆರ್ಯಭಟ ಸಂಖ್ಯೆಯನ್ನು ಕೊಟ್ಟನೇ ಹೊರತು ಅಳೆದ ಬಗೆಯನ್ನು ಹೇಳಲಿಲ್ಲ. ಬಗೆಯನ್ನು ಬಿಡಿಸಿ ಹೇಳಿದವನು ಭಾಸ್ಕರಾಚಾರ್ಯ, 1150ರ ಸಿದ್ಧಾಂತ ಶಿರೋಮಣಿಯಲ್ಲಿ. ತನ್ನ ಊರು ಸಹ್ಯಾದ್ರಿಯ ಕಡೆಯ ವಿಜ್ಜಡವಿಡ ಎಂದು ಅವನು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರು, ಅಲ್ಲ, ಚಾಳೀಸಗಾಂವ್ ಬಳಿಯ ಪಾಟಣದ ಸೀಮೆ ಎಂದು ಇನ್ನು ಕೆಲವರು ಹೇಳುತ್ತಾರೆ. ಊರು ಯಾವುದಾದರೂ ಆಗಲಿ, ಅವನು ಹೇಳಿದ ವಿಧಾನ ಸ್ಪಷ್ಟವಾಗಿದೆ. ನೇರ ಉತ್ತರ ದಕ್ಷಿಣವಾಗಿರುವ ಎರಡು ಊರುಗಳ ಅಕ್ಷಾಂಶದ ವ್ಯತ್ಯಾಸಕ್ಕೆ ಇಷ್ಟು ಯೋಜನ ದೂರವಾದರೆ, 360 ಡಿಗ್ರಿಗೆ ಎಷ್ಟು? ಅಂಗಡಿಯ ಲೆಕ್ಕಕ್ಕೆ ಬಳಸುವ ತ್ರೈರಾಶಿಕವೇ ಇದು.

ಈ ವಿಧಾನವನ್ನು ವಿಜಯಪುರ ಮತ್ತು ಉಜ್ಜಯಿನಿಗಳ ಮೇಲೆ ಹಾಕಿ ನೋಡೋಣ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಮೊದಲು ನೆಲವನ್ನು ನೀರು ಹಾಕಿ ಮಟ್ಟ ಮಾಡಿಕೊಳ್ಳಬೇಕು. ಶಂಕುವಿನ ಬುಡವನ್ನು ಕೇಂದ್ರವಾಗಿಟ್ಟು ವೃತ್ತ ಬರೆಯಬೇಕು. ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗಕ್ಕೂ ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗಕ್ಕೂ ಗುರುತು ಹಾಕಿ ಸೇರಿಸಿದರೆ ಪೂರ್ವ ಪಶ್ಚಿಮ ಗೆರೆ ಸಿಗುತ್ತದೆ. ಕೇಂದ್ರದಿಂದ ಅದಕ್ಕೆ ಲಂಬವಾಗಿ ಎಳೆದ ಗೆರೆಯ ಮೇಲೆ ನೆರಳು ಬಿದ್ದ ಕ್ಷಣವೇ ನಡುಹಗಲು. ಆಗ ಉಜ್ಜಯಿನಿಯ ಪಲಭಾ 5.14 ಅಂಗುಲ, ವಿಜಯಪುರದ್ದು 3.63 ಅಂಗುಲ. ಉಜ್ಜಯಿನಿಯಲ್ಲಿ ಶಂಕುವಿನ ತುದಿಯಿಂದ ನೆರಳಿನ ತುದಿಗೆ ಎಳೆದ ಕರ್ಣ 13.05 ಅಂಗುಲ. ನೆರಳನ್ನು ಕರ್ಣದಿಂದ ಭಾಗಿಸಿ ಜ್ಯಾ ಕೋಷ್ಟಕ ನೋಡಿದರೆ 23.2 ಡಿಗ್ರಿ ಬರುತ್ತದೆ. ವಿಜಯಪುರಕ್ಕೆ ಹೀಗೆಯೇ 16.8 ಡಿಗ್ರಿ. ನಿಖರವಾಗಿ ಹಿಡಿದರೆ ವ್ಯತ್ಯಾಸ 6.35 ಡಿಗ್ರಿ. ನಡುವಿನ ನೇರ ದೂರ ಸುಮಾರು 700 ಕಿಲೋಮೀಟರ್. ತ್ರೈರಾಶಿಕ ಹಾಕಿದರೆ ಸುತ್ತಳತೆ ಸುಮಾರು 39,700 ಕಿಲೋಮೀಟರ್. ಧ್ರುವಗಳ ಮೇಲೆ ಹಾದು ಹೋಗುವ ಇಂದಿನ ಅಳತೆ ಸುಮಾರು 40,008.

ತಪ್ಪು ಎಲ್ಲಿ ನುಸುಳುತ್ತದೆ? ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ನೆರಳಿನ ತುದಿ ಮಸುಕಾಗಿರುತ್ತದೆ, ಗಾಢ ನೆರಳನ್ನಷ್ಟೇ ಅಳೆದರೆ ಅಕ್ಷಾಂಶ ಕಾಲು ಡಿಗ್ರಿ ಕಡಿಮೆ ಬರುತ್ತದೆ. ವಿಷುವದ ಬದಲು ಮರುದಿನ ಅಳೆದರೆ ಇನ್ನೊಂದು 0.4 ಡಿಗ್ರಿ ತಪ್ಪುತ್ತದೆ. ಆದರೆ ಎರಡೂ ಊರಿನವರು ಒಂದೇ ದಿನ, ಒಂದೇ ಬಗೆಯಲ್ಲಿ ಅಳೆದಿದ್ದರೆ ಈ ಎರಡೂ ತಪ್ಪುಗಳು ಕಳೆಯುವಾಗ ಬಿದ್ದುಹೋಗುತ್ತವೆ. ಬಿದ್ದುಹೋಗದ ತಪ್ಪೆಂದರೆ ಒಂದೇ ಕಡೆಯ ಕೈತಪ್ಪು. ಉಜ್ಜಯಿನಿಯ ನೆರಳನ್ನು ಅಂಗುಲದ ಹತ್ತನೆಯ ಒಂದು ಪಾಲು, ಅಂದರೆ ಎರಡು ಮಿಲಿಮೀಟರ್, ಹೆಚ್ಚಾಗಿ ಓದಿದರೆ ಭೂಮಿ 2,300 ಕಿಲೋಮೀಟರಿನಷ್ಟು ಕುಗ್ಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ನೆಲದ ದೂರದ್ದು. ದಾರಿ ಬಳಸಿಕೊಂಡು ಹೋಗುತ್ತದೆ, ಹೊಳೆ ಬೆಟ್ಟ ಅಡ್ಡ ಬರುತ್ತವೆ. ದೂರವನ್ನು ಹತ್ತಕ್ಕೊಂದು ಪಾಲು ಹೆಚ್ಚು ಹಿಡಿದರೆ ಭೂಮಿಯೂ ಅಷ್ಟೇ ಹಿಗ್ಗುತ್ತದೆ. ಅದನ್ನು ಸರಿಪಡಿಸುವ ಉಪಾಯ ನೆರಳಿನಲ್ಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಖಲೀಫ ಅಲ್ ಮಾಮೂನನ ಖಗೋಳಜ್ಞರು ಸಿಂಜಾರಿನ ಬಯಲಿಗೆ ಹೋಗಿ ಒಂದು ಡಿಗ್ರಿಯ ದೂರವನ್ನು ನೆಲದ ಮೇಲೆಯೇ ಅಳೆದದ್ದು ಈ ಕಾರಣಕ್ಕೆ.

ಭಾಸ್ಕರ ಹೇಳಿದ ಸುತ್ತಳತೆ 4967 ಯೋಜನ. ಆರ್ಯಭಟನ ವ್ಯಾಸದಿಂದ ಬರುವುದು ಸುಮಾರು 3299. ಒಂದೇ ಭೂಮಿಗೆ ಒಂದೂವರೆ ಪಟ್ಟು ಅಂತರ. ಇಬ್ಬರ ಯೋಜನವೂ ಬೇರೆ ಬೇರೆ ಎಂದು ಸಮಾಧಾನ ಹೇಳುವುದುಂಟು. ಆದರೆ ಗ್ರಂಥಗಳಲ್ಲಿ ಬರೆದಿರುವ ವ್ಯಾಖ್ಯೆಯಂತೆ ಇಬ್ಬರ ಯೋಜನವೂ 32,000 ಮೊಳವೇ. ಮೊಳವನ್ನು 45 ಸೆಂಟಿಮೀಟರ್ ಎಂದು ಹಿಡಿದರೆ ಆರ್ಯಭಟನ ಭೂಮಿ ಸುಮಾರು 47,500 ಕಿಲೋಮೀಟರ್, ಭಾಸ್ಕರನದು 71,000ಕ್ಕೂ ಮೇಲೆ. ಆರ್ಯಭಟ ಇಂದಿನ ಅಳತೆಗೆ ನೂರು ಕಿಲೋಮೀಟರಿನಷ್ಟೂ ತಪ್ಪಲಿಲ್ಲ ಎಂದು ಹಂಚಿಕೊಳ್ಳುವ ಲೆಕ್ಕಗಳು ಉತ್ತರವನ್ನು ಮೊದಲೇ ಇಟ್ಟುಕೊಂಡು ಯೋಜನದ ಉದ್ದವನ್ನು ಆರಿಸಿಕೊಂಡವು. ಎರಟೋಸ್ತನೀಸನ ಸ್ಟೇಡಿಯಾಕ್ಕೂ ಇದೇ ಮಾತು ಸಲ್ಲುತ್ತದೆ.

ನಮ್ಮ ಹಿರಿಯರ ಹಿರಿಮೆಯನ್ನು ಆ ಕಿಲೋಮೀಟರುಗಳಲ್ಲಿ ಹುಡುಕಬೇಕಾಗಿಲ್ಲ. ಭೂಮಿ ವೃತ್ತದ ಎಷ್ಟನೆಯ ಪಾಲು ಬಾಗಿದೆ ಎಂಬುದನ್ನು ಅವರು ಒಂದು ಕೋಲಿನಿಂದ ತಿಳಿದರು, ಮತ್ತು ಅಲ್ಲಿಂದ ಮುಂದಿನ ಲೆಕ್ಕವನ್ನು ತಪ್ಪಿಲ್ಲದೆ ಬರೆದಿಟ್ಟರು. ಮುಂದಿನ ಬಾರಿ ಯಾರಾದರೂ ಯೋಜನವನ್ನು ಕಿಲೋಮೀಟರಿಗೆ ಬದಲಿಸಿದ ಲೆಕ್ಕ ಕಳುಹಿಸಿದರೆ, ಅವರು ಯಾವ ಯೋಜನವನ್ನು ಹಿಡಿದರು, ಏಕೆ ಹಿಡಿದರು ಎಂದು ದಯವಿಟ್ಟು ಕೇಳಿ.